ಕಂತು ಎಷ್ಟು ಅಂತ ಕೇಳುವ ಮೊದಲು, ಕೈಗೆ ಎಷ್ಟು ಉಳಿಯಬೇಕು ಅಂತ ಕೇಳಿ

ಪ್ರಶ್ನೆ: ನಾನು ತುಮಕೂರಿನ ವಸಂತನರಸಾಪುರದಲ್ಲಿ ಒಂದು ಸಣ್ಣ ಫ್ಯಾಕ್ಟರಿಯ ಆಫೀಸಿನಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಕೆಲಸ ಮಾಡುವ ಕೊರಟಗೆರೆ ಕಡೆಯವರೊಬ್ಬರು ಮಗಳ ಕಾಲೇಜು ಫೀಸಿಗೆ ಜೂನ್‌ನಲ್ಲಿ 48,000 ರೂಪಾಯಿ ಅಡ್ವಾನ್ಸ್ ಕೇಳಿದ್ದಾರೆ. ಸಂಬಳ 18,000, ಎಲ್ಲ ಬೇಸಿಕ್ ಮತ್ತು ಡಿಎ. ಪಿಎಫ್, ಇಎಸ್‌ಐ ಇದೆ. ಸೊಸೈಟಿ ಸಾಲಕ್ಕೂ ತಿಂಗಳಿಗೆ 1,500 ಹಿಡಿಯುತ್ತೇವೆ. ಆರು ತಿಂಗಳಲ್ಲಿ, ತಿಂಗಳಿಗೆ 8,000ದಂತೆ ಮುಗಿಸಿ ಅಂತ ಮಾಲೀಕರು ಹೇಳುತ್ತಾರೆ. ಕೈಗೆ 10,500 ಬರದಿದ್ದರೆ ಮನೆ ನಡೆಯಲ್ಲ ಅಂತ ಅವರು ಹೇಳುತ್ತಾರೆ, ಆದರೂ ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ ಅನ್ನುತ್ತಾರೆ. ಸೊಸೈಟಿ ಸಾಲ ಇದ್ದರೆ ಮುಕ್ಕಾಲು ಪಾಲು ಸಂಬಳ ಹಿಡಿಯಬಹುದಂತೆ, ಹೌದಾ? ಅಡ್ವಾನ್ಸ್ ತೀರುವವರೆಗೂ ಕೆಲಸ ಬಿಡುವ ಹಾಗಿಲ್ಲ ಅಂತಲೂ ಬರೆಸಿಕೊಳ್ಳಿ ಅಂತ ಮಾಲೀಕರು ಹೇಳಿದ್ದಾರೆ. ಏನು ಮಾಡಲಿ?

ಉತ್ತರ:

8,000 ಆಗುವುದಿಲ್ಲ. ಮನೆ ನಡೆಯುವ ಮಾತು ಆಮೇಲೆ ಬರುತ್ತದೆ, ಮೊದಲು ಕಾಯ್ದೆಯೇ ಅದಕ್ಕೆ ಅಡ್ಡ ಬರುತ್ತದೆ. ಮಾಲೀಕರ ಮುಂದೆ ಇಡಲು ನಿಮಗೆ ಲೆಕ್ಕ ಬೇಕಲ್ಲ, ಅದನ್ನೇ ಮಾಡೋಣ.

ಪಿಎಫ್ 15,000ದ ಮಿತಿಯ ಮೇಲೆ ಶೇ. 12 ಅಂದರೆ 1,800. ಇಎಸ್‌ಐ 18,000ದ ಮೇಲೆ ಶೇ. 0.75 ಅಂದರೆ 135. ವೃತ್ತಿ ತೆರಿಗೆ ಇಲ್ಲ, ಏಕೆಂದರೆ ಕರ್ನಾಟಕದಲ್ಲಿ ಅದು ಶುರುವಾಗುವುದೇ 25,000ದಿಂದ. ಸೊಸೈಟಿ 1,500. ಮೂರೂ ಸೇರಿ 3,435. ಅಡ್ವಾನ್ಸಿನ ಮಾತೇ ಇಲ್ಲದಿದ್ದಾಗ ಅವರ ಕೈಗೆ ಬರುವುದು 14,565 ರೂಪಾಯಿ.

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 18ನೇ ಕಲಂ ಪ್ರಕಾರ ಒಂದು ತಿಂಗಳಲ್ಲಿ ಎಲ್ಲ ಕಡಿತಗಳೂ ಸೇರಿ ಆ ತಿಂಗಳ ವೇತನದ ಅರ್ಧವನ್ನು ದಾಟುವ ಹಾಗಿಲ್ಲ. ಇಲ್ಲಿ ಅನೇಕರು ಎಡವುವುದು 'ಎಲ್ಲ' ಅನ್ನುವ ಮಾತಿನಲ್ಲಿ. ಪಿಎಫ್, ಇಎಸ್‌ಐ ತೆಗೆದು ಉಳಿದದ್ದರಲ್ಲಿ ಅರ್ಧ ಅಂತ ಲೆಕ್ಕ ಹಾಕುತ್ತಾರೆ. ಅದು ತಪ್ಪು. ಪಿಎಫ್, ಇಎಸ್‌ಐ, ಸೊಸೈಟಿ, ಅಡ್ವಾನ್ಸ್ ನಾಲ್ಕೂ ಆ ಅರ್ಧದೊಳಗೇ ಹಿಡಿಯಬೇಕು. 18,000ದ ಅರ್ಧ 9,000. ಅದರಲ್ಲಿ 3,435 ಆಗಲೇ ಹೋಗಿದೆ. ಅಡ್ವಾನ್ಸಿಗೆ ಉಳಿಯುವ ಜಾಗ 5,565 ಮಾತ್ರ. ಮಾಲೀಕರು ಹೇಳಿದ 8,000 ಹಿಡಿದರೆ ಒಟ್ಟು ಕಡಿತ 11,435 ಆಗುತ್ತದೆ, ಅವರ ಕೈಗೆ 6,565 ಬರುತ್ತದೆ.

ಮುಕ್ಕಾಲು ಪಾಲಿನ ಮಾತು ಸುಳ್ಳಲ್ಲ, ಹಳೆಯದು. 1936ರ ವೇತನ ಪಾವತಿ ಕಾಯ್ದೆಯಲ್ಲಿ ಸಹಕಾರ ಸಂಘಕ್ಕೆ ಕಟ್ಟುವ ಹಣ ಕಡಿತದಲ್ಲಿ ಇದ್ದರೆ ಶೇ. 75ರವರೆಗೆ, ಇಲ್ಲದಿದ್ದರೆ ಶೇ. 50ರವರೆಗೆ ಎಂದಿತ್ತು. ಹೊಸ ಸಂಹಿತೆಯಲ್ಲಿ ಆ ಎರಡು ದರ ಇಲ್ಲ, ಎಲ್ಲಕ್ಕೂ ಅರ್ಧವೇ. ಹಳೆಯ ಕಾಯ್ದೆ 24,000ದವರೆಗಿನ ಸಂಬಳಕ್ಕೆ ಮಾತ್ರ ಅನ್ವಯವಾಗುತ್ತಿತ್ತು, ಆ ಗೆರೆಯೂ ಈಗಿಲ್ಲ. ನಿಮ್ಮ ಸೂಪರ್‌ವೈಸರ್‌ಗಳ ಅಡ್ವಾನ್ಸಿಗೂ ಇದೇ ಲೆಕ್ಕ.

ಅವರು ಎಲ್ಲಿ ಬೇಕಾದರೂ ಸಹಿ ಹಾಕುತ್ತಾರೆ ಅಂದಿರಿ. ಫೀಸು ಕಟ್ಟುವ ಕೊನೆಯ ದಿನ ಹತ್ತಿರ ಬಂದಾಗ ಯಾರಾದರೂ ಹಾಕುತ್ತಾರೆ. ಕಾಯ್ದೆ ಕೊಟ್ಟ ರಕ್ಷಣೆಯನ್ನು ಕಾರ್ಮಿಕರು ಸಹಿ ಹಾಕಿ ಬಿಟ್ಟುಕೊಟ್ಟರೂ ಆ ಕರಾರಿಗೆ ಬೆಲೆ ಇಲ್ಲ. ಆ ಕಾಗದ ನಾಳೆ ನಿಮ್ಮನ್ನು ಕಾಯುವುದಿಲ್ಲ. ಅಕ್ರಮ ಕಡಿತ ಅಂತ ದೂರು ಹೋದರೆ, ಹಿಡಿದ ಹಣದ ಜೊತೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ದೂರು ಕೊಡಲು ಕಾರ್ಮಿಕರಿಗೆ ಮೂರು ವರ್ಷ ಸಮಯವಿದೆ. ಅಂದರೆ ಅಡ್ವಾನ್ಸ್ ತೀರಿ, ಮನುಷ್ಯ ಕೆಲಸ ಬಿಟ್ಟು ಹೋದ ಮೇಲೂ ಈ ಪ್ರಶ್ನೆ ಜೀವಂತವಾಗಿರುತ್ತದೆ.

ಇನ್ನೊಂದು ದಾರಿ ಇದೆ ಅಂತ ಕೆಲವು ಕಡೆ ನಂಬಿದ್ದಾರೆ. ಸಂಬಳವನ್ನು ಪೂರ್ತಿ ಬ್ಯಾಂಕಿಗೆ ಹಾಕುವುದು, ಮರುದಿನ ಕಾರ್ಮಿಕರು ಎಟಿಎಂನಿಂದ ತೆಗೆದು 8,000ವನ್ನು ಆಫೀಸಿಗೆ ತಂದು ಕೊಡುವುದು. ಸಂಬಳದ ಚೀಟಿಯಲ್ಲಿ ಕಡಿತ ಕಾಣುವುದಿಲ್ಲವಲ್ಲ ಅನ್ನುವ ಧೈರ್ಯ. ಆದರೆ ಕಾರ್ಮಿಕರು ಮಾಲೀಕರಿಗೆ ಅಥವಾ ಮಾಲೀಕರ ಕಡೆಯವರಿಗೆ ಕೊಡುವ ಹಣವನ್ನೂ ವೇತನದಿಂದ ಮಾಡಿದ ಕಡಿತ ಅಂತಲೇ ಕಾಯ್ದೆ ನೋಡುತ್ತದೆ. ಕೈಯಲ್ಲಿ ತಗೊಂಡರೂ ಅದು ಅರ್ಧದ ಲೆಕ್ಕಕ್ಕೆ ಸೇರುತ್ತದೆ. ಸಾಲದ್ದಕ್ಕೆ ರಸೀದಿಯೂ ಇರುವುದಿಲ್ಲ, ಎಷ್ಟು ತೀರಿತು ಅನ್ನುವುದಕ್ಕೆ ಇಬ್ಬರ ಬಾಯಿಮಾತು ಬಿಟ್ಟರೆ ಬೇರೆ ಸಾಕ್ಷಿಯೂ ಇರುವುದಿಲ್ಲ.

ಈಗ 10,500ದ ವಿಷಯ. ಕೈಗೆ ಬರುವ ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯಬಾರದು ಅಂತ ಕಾಯ್ದೆ ಇದೆ ಅಂದುಕೊಂಡವರು ಬಹಳ ಜನ. ಹಾಗಿಲ್ಲ. ಕನಿಷ್ಠ ವೇತನ ನೋಡುವುದು ಕಡಿತಕ್ಕೆ ಮುಂಚಿನ ಮೊತ್ತದಲ್ಲಿ. ಅಡ್ವಾನ್ಸ್ ವಸೂಲಿ ಕಾಯ್ದೆ ಒಪ್ಪಿದ ಕಡಿತ, ಹಾಗಾಗಿ ಕೈಗೆ ಬರುವ ಮೊತ್ತ ಆ ದರಕ್ಕಿಂತ ಕಡಿಮೆಯಾದರೂ ಅಷ್ಟರಿಂದಲೇ ಉಲ್ಲಂಘನೆ ಆಗುವುದಿಲ್ಲ. ಕಾಯ್ದೆಯ ತಳ ಅರ್ಧ ಸಂಬಳ, ಅಂದರೆ ಇಲ್ಲಿ 9,000. ಅದರ ಮೇಲೆ 10,500ಕ್ಕೆ ಗೆರೆ ಎಳೆಯುವುದು ನೀವು ಮತ್ತು ಅವರು ಸೇರಿ ಮಾಡಿಕೊಳ್ಳುವ ಏರ್ಪಾಡು. ಕಾಯ್ದೆ ಕೇಳುವುದಿಲ್ಲ ಅಂತ ಅದನ್ನು ಬಿಡಬೇಡಿ. ಕಂತು ಮುರಿಯುವುದೂ ಉಳಿಯುವುದೂ ಈ ಗೆರೆಯಲ್ಲೇ.

10,500 ಸರಿಯಾದ ಮೊತ್ತವೇ ಅಂತ ಒಮ್ಮೆ ಅವರ ಜೊತೆ ಕೂತು ನೋಡಿ. ತನಿಖೆ ಮಾಡಿದ ಹಾಗೆ ಬೇಡ. ತಾರೀಖು ಬಂದರೆ ಕೊಡಲೇಬೇಕಾದದ್ದು ಏನೇನು ಅಂತಷ್ಟೇ ಕೇಳಿ. ಇಂಥ ಮನೆಗಳಲ್ಲಿ ನಾನು ಕೇಳುವ ಲೆಕ್ಕ ಸುಮಾರಾಗಿ ಹೀಗಿರುತ್ತದೆ: ಬಾಡಿಗೆ 3,500, ರೇಷನ್ನು, ಎಣ್ಣೆ, ಗ್ಯಾಸು, ತರಕಾರಿ 4,000, ಸಂಘದ ವಾರದ ಕಂತು ತಿಂಗಳಿಗೆ 1,300, ಮಕ್ಕಳ ಬಸ್ಸು 900, ಮನೆಯ ಹಿರಿಯರ ಬಿಪಿ ಮಾತ್ರೆ 800. ಕೂಡಿದರೆ ನಿಮ್ಮವರು ಹೇಳಿದ 10,500ಕ್ಕೇ ಬರುತ್ತದೆ, ಬಟ್ಟೆಬರೆ, ನೆಂಟರು, ಜ್ವರ ಯಾವುದೂ ಇನ್ನೂ ಸೇರಿಲ್ಲ. ಜನ ಇಂಥಲ್ಲಿ ಮೊತ್ತ ಏರಿಸಿ ಹೇಳುವುದು ಕಡಿಮೆ. ಅಡ್ವಾನ್ಸ್ ಸಿಗದೆ ಹೋದೀತು ಅನ್ನುವ ಭಯಕ್ಕೆ ಇಳಿಸಿ ಹೇಳುವುದೇ ಹೆಚ್ಚು. ಆದ್ದರಿಂದ ಅವರು ಹೇಳಿದ್ದಕ್ಕಿಂತ ಕೆಳಗೆ ಚೌಕಾಸಿ ಮಾಡಬೇಡಿ.

ಗೆರೆ ಗೊತ್ತಾದ ಮೇಲೆ ಕಂತು ತಾನಾಗಿ ಬರುತ್ತದೆ. 14,565ರಲ್ಲಿ 10,500 ಕಳೆದರೆ 4,065. ತಿಂಗಳಿಗೆ 4,000 ಇಟ್ಟರೆ 48,000ಕ್ಕೆ ಸರಿಯಾಗಿ ಹನ್ನೆರಡು ಕಂತು. ಒಟ್ಟು ಕಡಿತ 7,435, ಅರ್ಧದೊಳಗಿದೆ. ಕೈಗೆ 10,565 ಬರುತ್ತದೆ. ಜುಲೈ ಸಂಬಳದಿಂದ ಶುರುವಾಗಿ ಮುಂದಿನ ಜೂನ್‌ಗೆ ಮುಗಿಯಬೇಕು.

ಆದರೆ ಈ ಲೆಕ್ಕ ಪೂರ್ತಿ ಹಾಜರಿ ಇರುವ ತಿಂಗಳಿಗೆ ಮಾತ್ರ ಸರಿ. ಕೊರಟಗೆರೆ ಕಡೆಯವರು ಅಂದಿರಿ. ನವೆಂಬರ್‌ನಲ್ಲಿ ರಾಗಿ ಕೊಯ್ಲು ಬರುತ್ತದೆ, ಹೊಲ ಇದ್ದವರು ಊರಿಗೆ ಹೋಗದೆ ಇರುವುದಿಲ್ಲ. ರಜೆ ಮುಗಿದಿದ್ದರೆ ಸಂಬಳವಿಲ್ಲದ ರಜೆ. ಐದು ದಿನ ಅಂತ ಇಟ್ಟುಕೊಳ್ಳಿ. ನೀವು 26 ದಿನದ ಲೆಕ್ಕ ಹಿಡಿಯುವುದಾದರೆ ಆ ತಿಂಗಳ ವೇತನ 14,538. ಪಿಎಫ್ 1,745, ಇಎಸ್‌ಐ 110, ಸೊಸೈಟಿ 1,500, ಒಟ್ಟು 3,355. ಇದರ ಮೇಲೆ ಎಂದಿನಂತೆ 4,000 ಹಿಡಿದರೆ ಕಡಿತ 7,355 ಆಗುತ್ತದೆ. ಆ ತಿಂಗಳ ವೇತನದ ಅರ್ಧ 7,269. ಅಂದರೆ ಅಕ್ಟೋಬರ್‌ನಲ್ಲಿ ಸಕ್ರಮವಾಗಿದ್ದ ಅದೇ ಕಂತು ನವೆಂಬರ್‌ನಲ್ಲಿ 86 ರೂಪಾಯಿಯಷ್ಟು ಅಕ್ರಮವಾಯಿತು. ಯಾರೂ ಏನೂ ಬದಲಾಯಿಸಿಲ್ಲ, ಸಾಫ್ಟ್‌ವೇರ್‌ನಲ್ಲಿ 4,000 ಅಂತ ಹಾಕಿದ್ದು ತಾನೇ ಓಡಿತು, ಅಷ್ಟೆ. ನಾನು ನೋಡುವ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಹೀಗೆ, ಯಾರೋ ಬೇಕೆಂದೇ ಮೋಸ ಮಾಡಿದ್ದರಿಂದಲ್ಲ.

ಕಾಯ್ದೆಯ ಮಾತು ಬಿಡಿ, ಅವರ ಕೈಗೆ ಬರುವುದು 7,183. ಬಾಡಿಗೆ ಮತ್ತು ರೇಷನ್ನಿಗೇ ಅದು ಸಾಲುವುದಿಲ್ಲ.

ಅದಕ್ಕೇ ಕಂತನ್ನು ಒಂದು ಅಂಕಿ ಅಂತ ಬರೆಯಬೇಡಿ, ಒಂದು ನಿಯಮ ಅಂತ ಬರೆಯಿರಿ. ಪ್ರತಿ ತಿಂಗಳೂ ನಾಲ್ಕು ಮೊತ್ತ ನೋಡಿ: ನಿಗದಿ ಕಂತು 4,000, ಉಳಿದ ಬಾಕಿ, 10,500 ಬಿಟ್ಟ ಮೇಲೆ ಉಳಿಯುವ ಹಣ, ಅರ್ಧ ವೇತನದಲ್ಲಿ ಉಳಿದ ಜಾಗ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದನ್ನೇ ಹಿಡಿಯಿರಿ. ಅದು ಸೊನ್ನೆಗಿಂತ ಕೆಳಗೆ ಹೋದರೆ ಆ ತಿಂಗಳು ಏನೂ ಹಿಡಿಯಬೇಡಿ. ಎಕ್ಸೆಲ್‌ನಲ್ಲಿ A ಕಾಲಂನಲ್ಲಿ ಆ ತಿಂಗಳ ವೇತನ, B ಕಾಲಂನಲ್ಲಿ ಅಡ್ವಾನ್ಸ್ ಬಿಟ್ಟು ಉಳಿದ ಕಡಿತಗಳ ಮೊತ್ತ, C ಕಾಲಂನಲ್ಲಿ ಬಾಕಿ ಇದ್ದರೆ ಸೂತ್ರ ಇಷ್ಟೇ:

```
=MAX(0, MIN(4000, C2, A2-B2-10500, INT(A2/2)-B2))
```

ನವೆಂಬರ್‌ಗೆ ಇದು 683 ಅಂತ ಕೊಡುತ್ತದೆ. 14,538ರಲ್ಲಿ 3,355 ಹೋದರೆ 11,183, ಅದರಲ್ಲಿ 10,500 ಬಿಟ್ಟರೆ ಉಳಿಯುವುದು ಅಷ್ಟೇ. ಅವರ ಕೈಗೆ ಸರಿಯಾಗಿ 10,500 ಬರುತ್ತದೆ. ಎಂಟು ದಿನ ಗೈರಾದರೆ ಕಡಿತಗಳ ನಂತರ ಉಳಿಯುವುದೇ 9,373, ಆಗ ಸೂತ್ರ ಸೊನ್ನೆ ತೋರಿಸುತ್ತದೆ. ಆ ತಿಂಗಳು ಅಡ್ವಾನ್ಸ್ ಕಡಿತ ಇಲ್ಲ.

ನವೆಂಬರ್‌ನಲ್ಲಿ ಬಾಕಿ ಉಳಿದ 3,317 ಎಲ್ಲಿಗೆ ಹೋಗಬೇಕು? ಡಿಸೆಂಬರ್‌ಗೆ ಸೇರಿಸಿ 7,317 ಹಿಡಿಯೋಣ ಅಂತ ಮಾಲೀಕರು ಖಂಡಿತ ಹೇಳುತ್ತಾರೆ. ಪೂರ್ತಿ ಹಾಜರಿಯ ತಿಂಗಳಲ್ಲೂ 10,500ದ ಗೆರೆಯ ಮೇಲೆ ಇರುವುದು 4,065 ಮಾತ್ರ ಅನ್ನುವುದನ್ನು ತೋರಿಸಿ. 4,000 ಹಿಡಿದ ಮೇಲೆ ಹೆಚ್ಚುವರಿ ಹಿಡಿಯಲು ಇರುವ ಜಾಗ 65 ರೂಪಾಯಿ. ಸಂಬಳ ಕಡಿಮೆಯಾದ ತಿಂಗಳಿನ ಪೆಟ್ಟನ್ನು ಮುಂದಿನ ತಿಂಗಳಿಗೆ ಸಾಗಿಸಿದರೆ ಪೆಟ್ಟು ಎರಡಾಗುತ್ತದೆಯೇ ಹೊರತು ಸಾಲ ಬೇಗ ತೀರುವುದಿಲ್ಲ. ಬಾಕಿಯನ್ನು ಬಾಲಕ್ಕೆ ಹಾಕಿ. ಜುಲೈಯಿಂದ ಅಕ್ಟೋಬರ್‌ವರೆಗೆ 16,000 ಬಂತು, ನವೆಂಬರ್‌ನಲ್ಲಿ 683, ಡಿಸೆಂಬರ್‌ನಿಂದ ಜೂನ್‌ವರೆಗೆ ಏಳು ತಿಂಗಳಿಗೆ 28,000. ಉಳಿದ 3,317 ಮುಂದಿನ ಜುಲೈಗೆ. ಒಂದು ತಿಂಗಳು ತಡ, ಅಷ್ಟೇ ನಷ್ಟ. ಬಡ್ಡಿ ಹಾಕುವುದನ್ನು ಕಾಯ್ದೆ ತಡೆಯುವುದಿಲ್ಲ, ಆದರೆ ಈ ಗಾತ್ರದ ಅಡ್ವಾನ್ಸಿಗೆ ಬಡ್ಡಿ ಹಾಕದಿರುವುದೇ ವಾಸಿ. ಬಾಲಕ್ಕೆ ಹೋದ ಬಾಕಿಗೆ ಬಡ್ಡಿ ಲೆಕ್ಕ ಹಾಕುವ ಗೋಜಲು ನಿಮಗೇ ಬೀಳುತ್ತದೆ, ರಾಗಿ ಕೊಯ್ಲಿಗೆ ಹೋದದ್ದಕ್ಕೆ ದಂಡ ಹಾಕಿದರು ಅನ್ನುವ ಭಾವನೆ ಅವರಲ್ಲಿ ಹುಟ್ಟುತ್ತದೆ.

ಇನ್ನೊಂದು ಆಯ್ಕೆ ಹದಿನಾರು ಕಂತು, ತಿಂಗಳಿಗೆ 3,000. ಆಗ ಪೂರ್ತಿ ತಿಂಗಳಲ್ಲಿ ಕೈಗೆ 11,565 ಬರುತ್ತದೆ. ಒಂದು ದಿನ ಗೈರಾದರೂ ಕಂತು ಪೂರ್ತಿ ಹಿಡಿಯಬಹುದು. ಹನ್ನೆರಡು ಕಂತಿನ ಲೆಕ್ಕದಲ್ಲಿ 65 ರೂಪಾಯಿಯಷ್ಟೇ ಉಸಿರಾಡುವ ಜಾಗ ಇದೆ, ಅರ್ಧ ದಿನ ಗೈರಾದರೂ ಕಂತು ಒಡೆಯುತ್ತದೆ. ಮಾಲೀಕರ ಕಡೆಯಿಂದ ನೋಡಿದರೆ ಹಣ ನಾಲ್ಕು ತಿಂಗಳು ಹೆಚ್ಚು ಹೊರಗಿರುತ್ತದೆ, ಅಷ್ಟರಲ್ಲಿ ಮನುಷ್ಯ ಕೆಲಸ ಬಿಟ್ಟರೆ ಬಾಕಿ ಹೆಚ್ಚು ಉಳಿದಿರುತ್ತದೆ. ಅದು ನಿಜವಾದ ಅಪಾಯವೇ. ಹೊಲ ಇಲ್ಲದ, ರಜೆ ಹಾಕದ ಮನುಷ್ಯರಾದರೆ ಹನ್ನೆರಡು ಸಾಕು. ನಿಮ್ಮವರ ಕಳೆದ ವರ್ಷದ ಹಾಜರಿ ಪುಸ್ತಕ ತೆಗೆದು, ಸಂಬಳವಿಲ್ಲದ ರಜೆ ಎಷ್ಟು ತಿಂಗಳಲ್ಲಿ ಬಿದ್ದಿದೆ ಎಣಿಸಿ. ಮೂರು ನಾಲ್ಕು ತಿಂಗಳಲ್ಲಿ ಕಂಡರೆ ಹದಿನಾರಕ್ಕೆ ಹೋಗಿ. ಹನ್ನೆರಡು ಅಂತ ಬರೆದು ಪದೇ ಪದೇ ಒಡೆಯುವುದಕ್ಕಿಂತ ಹದಿನಾರು ಅಂತ ಬರೆದು ಸಮವಾಗಿ ನಡೆಯುವುದು ಇಬ್ಬರಿಗೂ ನೆಮ್ಮದಿ.

ಬೇಗ ತೀರಿಸುವ ಮನಸ್ಸು ಅವರಿಗೇ ಇದ್ದರೆ, ಉದಾಹರಣೆಗೆ ಬೋನಸ್ ಬಂದಾಗ, ಕೇಳಿ ಬರೆಸಿಕೊಂಡು ಹೆಚ್ಚು ತಗೊಳ್ಳಬಹುದು. ಆದರೆ ಅದೂ ಆ ತಿಂಗಳ ಕಡಿತವೇ ಅಂತ ಇಟ್ಟುಕೊಳ್ಳಿ. ಪೂರ್ತಿ ಹಾಜರಿಯ ತಿಂಗಳಲ್ಲಿ 4,000ದ ಮೇಲೆ ಇನ್ನು 1,565 ಮಾತ್ರ. ಅದಕ್ಕಿಂತ ಹೆಚ್ಚು ಬೇಡ. ಡಿಎ ಏಪ್ರಿಲ್‌ನಲ್ಲಿ ಏರಿದಾಗ ಕಂತನ್ನು ತಾನಾಗಿ ಏರಿಸುವುದೂ ಬೇಡ. ಏರಿದ ಡಿಎ ಬೆಲೆ ಏರಿದ್ದಕ್ಕೆ ಬಂದದ್ದು.

ಚೀಟಿಯಲ್ಲಿ ಹೇಗೆ ಕಾಣಬೇಕು ಅನ್ನುವುದರಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, 18,000ದಲ್ಲಿ 4,000 ಕಳೆದು 14,000 ಅಂತ ಬರೆದು, ಅದರ ಮೇಲೆ ಪಿಎಫ್, ಇಎಸ್‌ಐ ಹಾಕುವುದು. ಕಂತು ವೇತನವನ್ನು ಕಡಿಮೆ ಮಾಡುವುದಿಲ್ಲ, ವೇತನ ಬಂದ ಮೇಲೆ ಹಿಡಿಯುವ ಹಣ ಅದು. ಹಾಗೆ ಮಾಡಿದರೆ ಪಿಎಫ್ 1,800ರ ಬದಲು 1,680 ಕಟ್ಟಿದಂತಾಗುತ್ತದೆ, ಕಂಪನಿಯ ಪಾಲೂ ಅಷ್ಟೇ ಕಡಿಮೆ ಹೋಗಿರುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು: ಅಡ್ವಾನ್ಸ್ ಕಡಿತ ಅಂತ ತೋರಿಸುವ ಬದಲು ಐದಾರು ದಿನ ಗೈರು ಅಂತ ಹಾಕುವುದು. ಅರ್ಧದ ಮಿತಿ ದಾಟಿದ್ದು ಕಾಣಬಾರದು ಅಂತ ಮಾಡುವ ಕೆಲಸ. ಇಎಸ್‌ಐನಲ್ಲಿ ಕಾಯಿಲೆ ರಜೆಯ ಹಣ ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಸುಳ್ಳು ಗೈರಿನಿಂದ ಆ ದಿನಗಳು ಕರಗುತ್ತವೆ. ಆಸ್ಪತ್ರೆಯಲ್ಲಿ ಮಲಗಿದ ದಿನ ಅದು ಗೊತ್ತಾಗುತ್ತದೆ, ಆಗ ಸರಿ ಮಾಡಲು ಬರುವುದಿಲ್ಲ.

ಚೀಟಿಯಲ್ಲಿ ಅಡ್ವಾನ್ಸಿಗೆ ಒಂದು ಪ್ರತ್ಯೇಕ ಸಾಲು ಇರಲಿ. ಈ ತಿಂಗಳು ಹಿಡಿದದ್ದು, ಇನ್ನು ಉಳಿದದ್ದು, ಎರಡೂ ಅದರಲ್ಲಿ ಕಾಣಲಿ. ನವೆಂಬರ್ ಚೀಟಿಯಲ್ಲಿ 'ಅಡ್ವಾನ್ಸ್ ಕಡಿತ 683, ಬಾಕಿ 31,317' ಅಂತ ಇದ್ದರೆ ಜಗಳಕ್ಕೆ ಜಾಗವೇ ಇಲ್ಲ.

ಬರೆಸಿಕೊಳ್ಳುವ ಕಾಗದ ಅರ್ಧ ಪುಟ ಸಾಕು, ಕನ್ನಡದಲ್ಲೇ ಇರಲಿ, ಒಂದು ಪ್ರತಿ ಅವರ ಕೈಗೆ ಕೊಡಿ. ಮುಖ್ಯ ಸಾಲುಗಳು ಹೀಗಿರಬಹುದು: 'ನಾನು ಪಡೆದ 48,000 ರೂಪಾಯಿ ಮುಂಗಡವನ್ನು ಜುಲೈ ತಿಂಗಳ ಸಂಬಳದಿಂದ ತಿಂಗಳಿಗೆ 4,000ದಂತೆ ಹಿಡಿದುಕೊಳ್ಳಲು ಒಪ್ಪಿದ್ದೇನೆ. ಯಾವುದೇ ತಿಂಗಳು ಈ ಕಂತಿನಿಂದ ನನ್ನ ಕೈಗೆ ಬರುವ ಸಂಬಳ 10,500ಕ್ಕಿಂತ ಕಡಿಮೆಯಾಗುವುದಾದರೆ ಅಥವಾ ಒಟ್ಟು ಕಡಿತ ಆ ತಿಂಗಳ ವೇತನದ ಅರ್ಧ ದಾಟುವುದಾದರೆ, ಕಂತನ್ನು ಅಷ್ಟು ಕಡಿಮೆ ಮಾಡಿ ಉಳಿದದ್ದನ್ನು ಕೊನೆಯ ಕಂತಿನ ನಂತರದ ತಿಂಗಳುಗಳಲ್ಲಿ ಹಿಡಿಯುವುದು. ಇದಕ್ಕೆ ಬಡ್ಡಿ ಇಲ್ಲ.' ಅವರ ಮುಂದೆ ಓದಿ ಹೇಳಿ, ಆಮೇಲೆ ಸಹಿ. ಜೊತೆ ಕೆಲಸಗಾರರನ್ನು ಜಾಮೀನು ಹಾಕಿಸಿ, ಇವರು ಕಟ್ಟದಿದ್ದರೆ ಅವರ ಸಂಬಳದಲ್ಲಿ ಹಿಡಿಯುತ್ತೇವೆ ಅಂತ ಬರೆಸಬೇಡಿ. ಒಬ್ಬರ ಸಾಲಕ್ಕೆ ಇನ್ನೊಬ್ಬರ ಸಂಬಳ ಹಿಡಿಯುವುದು ಕಾಯ್ದೆಯ ಪಟ್ಟಿಯಲ್ಲಿ ಇಲ್ಲದ ಕಡಿತ.

ಕಂತು ಶುರುವಾದ ಮೇಲೆ ಒಂದು ಗುರುತನ್ನು ಗಮನಿಸುತ್ತಿರಿ. ತಿಂಗಳ ಇಪ್ಪತ್ತರ ಹೊತ್ತಿಗೆ ಅವರು 'ಒಂದು ಸಾವಿರ ಇದ್ದರೆ ಕೊಡಿ' ಅಂತ ಆಫೀಸಿಗೆ ಬಂದರೆ, ಎರಡು ತಿಂಗಳು ಸತತ ಬಂದರೆ, 10,500 ಸಾಲುತ್ತಿಲ್ಲ ಅಂತ ಅರ್ಥ. ಆಗ ಆ ಸಾವಿರವನ್ನು ಹೊಸ ಕೈಸಾಲ ಅಂತ ಕೊಟ್ಟು ಮುಂದಿನ ಸಂಬಳದಲ್ಲಿ ಪೂರ್ತಿ ಹಿಡಿಯಬೇಡಿ. ಹಳೆ ಅಡ್ವಾನ್ಸಿನ ಕಂತು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ವಾಪಸ್ ಕೊಟ್ಟಂತಾಯಿತು, ಬಾಕಿ ಇಳಿಯುವುದೇ ಇಲ್ಲ. ಗೆರೆಯನ್ನು 11,500ಕ್ಕೆ ಏರಿಸಿ, ಕಂತನ್ನು 3,000ಕ್ಕೆ ಇಳಿಸಿ, ಕಾಗದಕ್ಕೆ ಎರಡು ಸಾಲು ಸೇರಿಸಿ ಇಬ್ಬರೂ ಸಹಿ ಹಾಕಿ.

ಇನ್ನು ಕೆಲಸ ಬಿಡುವ ಹಾಗಿಲ್ಲ ಅನ್ನುವ ಷರತ್ತು. ಇದನ್ನು ಬರೆಸಬೇಡಿ, ಬಾಯಲ್ಲೂ ಹೇಳಬೇಡಿ. ಮಾಲೀಕರಿಗೆ ಇದು ಸಾಲದ ಭದ್ರತೆ ಅನ್ನಿಸಬಹುದು. ಆದರೆ ಅಡ್ವಾನ್ಸ್ ಕೊಟ್ಟೆವು ಅನ್ನುವ ಕಾರಣಕ್ಕೆ ಒಬ್ಬರು ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕಿತ್ತುಕೊಳ್ಳುವುದನ್ನೇ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತ ಅನ್ನುತ್ತದೆ. ಕಲ್ಲು ಕ್ವಾರಿ, ಇಟ್ಟಿಗೆ ಗೂಡುಗಳಿಗೆ ಮಾತ್ರ ಆ ಕಾಯ್ದೆ ಅಂತ ನಮ್ಮ ಕಡೆ ಅಂದುಕೊಂಡಿದ್ದಾರೆ. ಪಿಎಫ್, ಇಎಸ್‌ಐ ಇರುವ ಫ್ಯಾಕ್ಟರಿಗೂ ಅದು ಅನ್ವಯಿಸುತ್ತದೆ. ಅದು ಕ್ರಿಮಿನಲ್ ಕಾಯ್ದೆ, ದಂಡ ಕಟ್ಟಿ ಮುಗಿಸುವ ವ್ಯವಹಾರವಲ್ಲ. ಮಾರ್ಕ್ಸ್ ಕಾರ್ಡು, ಆಧಾರ್ ಒತ್ತೆ ಇಟ್ಟುಕೊಳ್ಳುವುದೂ ಅದೇ ದಾರಿಗೆ ಹೋಗುತ್ತದೆ.

ಹಾಗಾದರೆ ನಡುವೆ ಬಿಟ್ಟು ಹೋದರೆ ಹಣ ಏನಾಗುತ್ತದೆ ಅನ್ನುವ ಮಾಲೀಕರ ಪ್ರಶ್ನೆ ನ್ಯಾಯವಾದದ್ದು, ಅದಕ್ಕೂ ಉತ್ತರ ಕೊಡಿ. ಜನವರಿ ಪೂರ್ತಿ ಕೆಲಸ ಮಾಡಿ ರಾಜೀನಾಮೆ ಕೊಟ್ಟರು ಅಂತ ಇಟ್ಟುಕೊಳ್ಳಿ. ಡಿಸೆಂಬರ್ ಕಂತಿನ ನಂತರ ಬಾಕಿ 27,317. ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ವೇತನ ಚುಕ್ತಾ ಮಾಡಬೇಕು. ಆ ಕೊನೆಯ ವೇತನದಲ್ಲೂ ಅರ್ಧದ ಮಿತಿ ಇದ್ದೇ ಇದೆ. 10,500ದ ಗೆರೆಯನ್ನು ಕೊನೆಯ ತಿಂಗಳಿಗೂ ಇಟ್ಟುಕೊಂಡರೆ 4,000 ಹಿಡಿಯಬಹುದು. ಕೊನೆಯ ತಿಂಗಳಿಗೆ ಗೆರೆ ಬೇಡ ಅಂತ ಮೊದಲೇ ಕಾಗದದಲ್ಲಿ ಬರೆದಿದ್ದರೆ ಹೆಚ್ಚೆಂದರೆ 5,565. ಪೂರ್ತಿ ಸಂಬಳ ತಡೆದು ಹಿಡಿಯುವ ಹಾಗಿಲ್ಲ. ಗ್ರಾಚ್ಯುಟಿಯನ್ನೂ ಪಿಎಫ್ ಹಣವನ್ನೂ ಈ ಬಾಕಿಗೆ ಹೊಂದಿಸುವ ಹಾಗಿಲ್ಲ, ಸಾಲಕ್ಕೆ ಸಿಗದಂತೆ ಎರಡಕ್ಕೂ ಕಾಯ್ದೆಯ ರಕ್ಷಣೆ ಇದೆ. 5,565 ಹಿಡಿದರೆ ಉಳಿಯುವುದು 21,752. ಅದು ಆ ದಿನದಿಂದ ಸಾಮಾನ್ಯ ಸಾಲ. ತಿಂಗಳಿಗೆ ಇಷ್ಟು ಅಂತ ಬ್ಯಾಂಕಿಗೋ ಫೋನ್‌ಪೇಗೋ ಹಾಕುತ್ತೇನೆ ಅನ್ನುವ ಒಂದು ಪತ್ರ ಬರೆಸಿಕೊಳ್ಳಿ, ಕೊಡದಿದ್ದರೆ ಮೂರು ವರ್ಷದೊಳಗೆ ಸಿವಿಲ್ ಕೋರ್ಟಿಗೆ ಹೋಗಬಹುದು. ಬಿಡುಗಡೆ ಪತ್ರವನ್ನೂ ಸೇವಾ ಪ್ರಮಾಣ ಪತ್ರವನ್ನೂ ಇದಕ್ಕೆ ತಳುಕು ಹಾಕದೆ ಕೊಟ್ಟು ಕಳಿಸಿ. ಹೊಸ ಕೆಲಸ ಸಿಕ್ಕಿ ಸಂಬಳ ಬಂದರೆ ತಾನೇ ಅವರು ಕಟ್ಟಲು ಆಗುವುದು?

ಇಷ್ಟು ರಿಸ್ಕ್ ಮಾಲೀಕರಿಗೆ ಬೇಡ ಅನ್ನಿಸಿದರೆ ಅಡ್ವಾನ್ಸ್ ಮೊತ್ತವನ್ನೇ ಕಡಿಮೆ ಮಾಡಲಿ. ಕಾಲೇಜು ಫೀಸು ಎರಡು ಕಂತಿನಲ್ಲಿ ಕಟ್ಟಲು ಅವಕಾಶ ಇದೆಯೇ ಅಂತ ಅವರನ್ನು ಕೇಳಿ. ಇದ್ದರೆ ಜೂನ್‌ನಲ್ಲಿ 24,000, ಡಿಸೆಂಬರ್ ಸಂಬಳದ ನಂತರ ಇನ್ನು 24,000 ಕೊಡಬಹುದು. ಮೊದಲನೆಯದು 4,000ದ ಆರು ಕಂತಿನಲ್ಲಿ, ಜುಲೈಯಿಂದ ಡಿಸೆಂಬರ್‌ಗೆ ತೀರುತ್ತದೆ. ನವೆಂಬರ್‌ನಲ್ಲಿ ಕೊಯ್ಲಿಗೆ ಹೋದರೆ ಉಳಿದ 3,317 ಜನವರಿಗೆ ಬರುತ್ತದೆ, ಎರಡನೆಯದರ ಕಂತು ಫೆಬ್ರವರಿಯಿಂದ ಶುರು ಮಾಡಿ. ಆರು ತಿಂಗಳಲ್ಲಿ ಮುಗಿಸಬೇಕು ಅನ್ನುವ ಮಾಲೀಕರ ಮಾತೂ ಹೆಚ್ಚು ಕಡಿಮೆ ನಡೆದಂತಾಗುತ್ತದೆ, ಆ 3,317 ಉಳಿದರೆ ಜನವರಿ ಸಂಬಳದವರೆಗೆ 27,317 ಹೊರಗಿರುವುದು ಬಿಟ್ಟರೆ ಯಾವ ಹೊತ್ತಿನಲ್ಲೂ 24,000ಕ್ಕಿಂತ ಹೆಚ್ಚು ಹಣ ಹೊರಗಿರುವುದಿಲ್ಲ, ಅವರ ಕೈಗೆ ಪ್ರತಿ ತಿಂಗಳೂ 10,500 ತಪ್ಪುವುದಿಲ್ಲ. ಮಾಲೀಕರ ಹತ್ತಿರ ಮಾತಾಡುವಾಗ ಮೊದಲು ಇದನ್ನೇ ಮುಂದಿಡಿ.